ಮನಸ್ಸಿನ ಕಾಯಿಲೆಗೆ ರಜೆ ಹಾಕಿದವರನ್ನು ಕೆಲಸದಿಂದ ತೆಗೆಯಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಕೆಲಸಗಾರರಿಗೆ ಅರ್ಜಿ, ಉತ್ತರ ಪತ್ರ ಬರೆದುಕೊಡುವುದು ನನ್ನ ಬಹುದಿನದ ಕೆಲಸ. ಹರಿಹರ, ಜಗಳೂರು, ಚಿತ್ರದುರ್ಗದ ಕಡೆಯಿಂದಲೂ ಜನ ಬರುತ್ತಾರೆ. ಈಚೆಗೆ ಖಿನ್ನತೆ, ಆತಂಕ, ನಿದ್ದೆ ಬಾರದ ತೊಂದರೆ ಅಂತ ರಜೆ ಹಾಕಿ, ವಾಪಸ್ ಹೋಗುವಾಗ ಕೆಲಸ ಇಲ್ಲ ಅನ್ನಿಸಿಕೊಂಡು ಬರುವವರು ಜಾಸ್ತಿಯಾಗಿದ್ದಾರೆ. ಅವರು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಲು ಕೇಳುವ ಪ್ರಶ್ನೆಗಳು

ಡಾಕ್ಟರ್ ಚೀಟಿ ಇದ್ದರೆ ನನ್ನನ್ನು ಯಾರೂ ತೆಗೆಯೋಕೆ ಆಗಲ್ಲ, ಅಲ್ವಾ?

ಹಾಗೇನಿಲ್ಲ. ವೈದ್ಯಕೀಯ ರಜೆಯಲ್ಲಿದ್ದಷ್ಟು ದಿನ ಕೆಲಸಕ್ಕೆ ಯಾರೂ ಕೈ ಹಚ್ಚುವಂತಿಲ್ಲ ಅಂತ ಎಲ್ಲರಿಗೂ ಅನ್ವಯಿಸುವ ಒಂದೇ ಕಾನೂನು ನಮ್ಮಲ್ಲಿಲ್ಲ. ಆದರೆ ಮಾಲೀಕರಿಗೆ ಮನಸ್ಸು ಬಂದಂತೆ ತೆಗೆಯುವ ಹಕ್ಕೂ ಇಲ್ಲ. ಯಾವ ಕಾರಣ ಕೊಟ್ಟರು, ಯಾವ ಕ್ರಮದಲ್ಲಿ ತೆಗೆದರು ಅನ್ನುವ ಎರಡರ ಮೇಲೆ ಎಲ್ಲವೂ ನಿಂತಿದೆ.

ನಾನು ನೋಡಿದ ಪತ್ರಗಳಲ್ಲಿ ‘ನಿಮಗೆ ಮಾನಸಿಕ ಕಾಯಿಲೆ ಇದೆ, ಅದಕ್ಕೆ ತೆಗೆದಿದ್ದೇವೆ’ ಅಂತ ಬರೆದದ್ದು ಒಂದೂ ಇಲ್ಲ. ‘ತಿಳಿಸದೆ ಗೈರುಹಾಜರಾಗಿದ್ದೀರಿ, ಆದ್ದರಿಂದ ನೀವೇ ಕೆಲಸ ಬಿಟ್ಟಂತೆ’ ಅಂತಲೇ ಇರುತ್ತದೆ. ಹಾಗಾಗಿ ಇಂಥ ಪ್ರಕರಣದಲ್ಲಿ ಕಾಯಿಲೆ ಇತ್ತೋ ಇಲ್ಲವೋ ಅನ್ನುವುದಕ್ಕಿಂತ, ‘ಗೈರು’ ಅನ್ನುವ ಮಾತು ನಿಲ್ಲುತ್ತದೋ ಇಲ್ಲವೋ ಅನ್ನುವುದೇ ದೊಡ್ಡ ಪ್ರಶ್ನೆ. ಇಲ್ಲಿನ ಉತ್ತರಗಳೆಲ್ಲ ಹೆಚ್ಚುಕಡಿಮೆ ಅದರ ಸುತ್ತವೇ ಇವೆ.

ಎಂಟು ದಿನ ಹೇಳದೆ ಕೇಳದೆ ಬರದಿದ್ದರೆ ಹೆಸರು ತಾನಾಗಿ ಹೋಗುತ್ತೆ ಅಂತಾರೆ. ನಿಜಾನಾ?

ಬಹಳ ಕಾರ್ಖಾನೆಗಳ ಸ್ಥಾಯಿ ಆದೇಶದಲ್ಲಿ, ಅಂದರೆ ಕೆಲಸದ ಷರತ್ತುಗಳನ್ನು ಬರೆದಿಟ್ಟ ನಿಯಮಗಳಲ್ಲಿ, ಅಂಥ ಸಾಲು ಇರುತ್ತದೆ. ರಜೆ ಇಲ್ಲದೆ ಇಷ್ಟು ದಿನ ಬರದಿದ್ದರೆ ಕೆಲಸದ ಮೇಲಿನ ಹಕ್ಕು ಹೋಗುತ್ತದೆ ಅಂತ. ಆದರೆ ಆ ಸಾಲು ತಾನಾಗಿ ಕೆಲಸ ಮಾಡುವುದಿಲ್ಲ. 1993ರಲ್ಲಿ ಡಿ.ಕೆ. ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ನೇರವಾಗಿ ಹೇಳಿತು. ಎಂಟು ದಿನಕ್ಕಿಂತ ಹೆಚ್ಚು ಗೈರು ಅಂತ ಕಂಪನಿ ಆತನ ಹೆಸರು ತೆಗೆದುಹಾಕಿತ್ತು. ನೋಟಿಸ್ ಕೊಟ್ಟು, ವಿಚಾರಣೆ ಮಾಡಿ, ಆತನ ಮಾತು ಕೇಳದೆ ಹಾಗೆ ಮಾಡುವಂತಿಲ್ಲ ಅಂದ ಕೋರ್ಟು, ಆತನನ್ನು ಅರ್ಧ ಹಿಂಬಾಕಿ ಸಂಬಳದ ಜೊತೆ ಕೆಲಸಕ್ಕೆ ವಾಪಸ್ ಕಳಿಸಿತು.

2012ರ ಕೃಷ್ಣಕಾಂತ್ ಪರ್ಮಾರ್ ಪ್ರಕರಣ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಅದು ಸರ್ಕಾರಿ ನೌಕರರೊಬ್ಬರದು. ಗೈರುಹಾಜರಿ ಬೇಕಂತಲೇ ಆದದ್ದು ಅಂತ ಸಾಬೀತಾಗದೆ ಅದನ್ನು ದುರ್ನಡತೆ ಅನ್ನುವಂತಿಲ್ಲ ಅಂತ ಅಲ್ಲಿ ತೀರ್ಪಾಯಿತು. ಹಾಸಿಗೆಯಿಂದ ಏಳಲಾಗದ ಖಿನ್ನತೆಯಲ್ಲಿ ಇದ್ದವರು ಬೇಕಂತ ಬರಲಿಲ್ಲ ಅನ್ನುವುದು ಸುಲಭವಲ್ಲ.

ಹಾಗಾದರೆ ಕಾನೂನುಬದ್ಧವಾಗಿ ತೆಗೆಯೋದು ಯಾವಾಗ?

ಆಗುವುದುಂಟು, ಅದನ್ನು ಮುಚ್ಚಿಡಬಾರದು. ಚಿಕಿತ್ಸೆ ಬಹಳ ಕಾಲ ನಡೆದು, ಮತ್ತೆ ಆ ಕೆಲಸ ಮಾಡಲಾರರು ಅಂತ ವೈದ್ಯರೇ ಹೇಳಿದ್ದು, ಬೇರೆ ಕೆಲಸ ಕೊಡುವ ದಾರಿಯನ್ನೂ ನೋಡಿ, ನೋಟಿಸ್ ಕೊಟ್ಟು, ಗ್ರಾಚ್ಯುಟಿ ಇತ್ಯಾದಿ ಬಾಕಿ ಚುಕ್ತಾ ಮಾಡಿ ತೆಗೆದರೆ ಅದನ್ನು ಮುರಿಯುವುದು ಕಷ್ಟ. ನಿಜವಾಗಿಯೂ ಒಂದು ವಿಭಾಗವೇ ಮುಚ್ಚಿ, ರಜೆಯಲ್ಲಿದ್ದವರು ಇಲ್ಲದವರು ಅನ್ನದೆ ಎಲ್ಲರನ್ನೂ ಕ್ರಮಬದ್ಧವಾಗಿ ತೆಗೆದರೂ ಹಾಗೆಯೇ. ರಜೆಗೆ ಮೊದಲೇ ಹಣ ದುರುಪಯೋಗದಂಥ ಆರೋಪ ಇದ್ದರೆ, ರಜೆ ಹಾಕಿದ ಮಾತ್ರಕ್ಕೆ ಆ ವಿಚಾರಣೆ ನಿಲ್ಲಬೇಕಿಲ್ಲ. ಉತ್ತರ ಕೊಡುವ ಸ್ಥಿತಿಯಲ್ಲಿ ಇಲ್ಲ ಅಂತ ವೈದ್ಯರ ಪತ್ರ ಇಟ್ಟು ಸಮಯ ಕೇಳಬಹುದು.

ಇನ್ನು, ಮೂರು ನೋಟಿಸ್ ಬಂದರೂ ಒಂದಕ್ಕೂ ಉತ್ತರ ಕೊಡದೆ, ಯಾವ ಸರ್ಟಿಫಿಕೇಟನ್ನೂ ಕಳಿಸದೆ ತಿಂಗಳುಗಟ್ಟಲೆ ಸುಮ್ನೆ ಇದ್ದರೆ, ಕಾಯಿಲೆ ನಿಜವಾಗಿದ್ದರೂ ಕೇಸು ಸೊರಗುತ್ತದೆ.

## ಚೀಟಿ, ಪತ್ರ, ಇಎಸ್‌ಐ

ಸರ್ಟಿಫಿಕೇಟ್ ಮನೇಲೇ ಇದೆ. ಆಮೇಲೆ ತೋರಿಸಿದರೆ ಆಗಲ್ವಾ?

ಇಲ್ಲೇ ಜನ ಸೋಲುವುದು. 1963ರಷ್ಟು ಹಿಂದೆಯೇ ಬಕಿಂಗ್‌ಹ್ಯಾಮ್ ಅಂಡ್ ಕರ್ನಾಟಿಕ್ ಮಿಲ್ಲಿನ ಪ್ರಕರಣದಲ್ಲಿ ಕೆಲಸಗಾರನೊಬ್ಬ ಕಾಯಿಲೆಯ ಸರ್ಟಿಫಿಕೇಟನ್ನು ತಡವಾಗಿ ತಂದ. ಸುಪ್ರೀಂ ಕೋರ್ಟ್ ಕಂಪನಿಯ ಪರ ನಿಂತಿತು. ಆಮೇಲಿನ ತೀರ್ಪುಗಳು ಕೆಲಸಗಾರರ ಕಡೆ ವಾಲಿವೆ ನಿಜ, ಆದರೆ ಆ ಹಳೇ ತೀರ್ಪನ್ನು ಮಾಲೀಕರ ವಕೀಲರು ಈಗಲೂ ತೆಗೆದು ಮುಂದಿಡುತ್ತಾರೆ.

ಸರ್ಟಿಫಿಕೇಟ್ ಸಿಕ್ಕ ದಿನವೇ ಅಥವಾ ಮಾರನೇ ದಿನ ಕಳಿಸಿ. ಫೋಟೋ ತೆಗೆದು ಕಂಪನಿಯ ಇಮೇಲಿಗೆ ಹಾಕಿ, ಅದರ ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಕೈಯಲ್ಲಿ ಕೊಟ್ಟರೆ ಇನ್ನೊಂದು ಪ್ರತಿಯ ಮೇಲೆ ಸಹಿ, ತಾರೀಖು, ಸೀಲು ಹಾಕಿಸಿಕೊಳ್ಳಿ. ಸಹಿ ಹಾಕುವುದಿಲ್ಲ ಅಂದರೆ ವಾದ ಮಾಡಬೇಡಿ, ಅಂಚೆ ಕಚೇರಿಗೆ ನಡೆಯಿರಿ. ಪತ್ರದಲ್ಲಿ ಎರಡೇ ಸಾಲು ಸಾಕು: ಇಂಥ ದಿನದಿಂದ ಇಂಥ ದಿನದವರೆಗೆ ವೈದ್ಯರು ವಿಶ್ರಾಂತಿ ಹೇಳಿದ್ದಾರೆ, ಸರ್ಟಿಫಿಕೇಟ್ ಲಗತ್ತಿಸಿದೆ, ರಜೆ ಮಂಜೂರು ಮಾಡಿ.

ಖಿನ್ನತೆಯಲ್ಲಿ ಇರುವವರಿಗೆ ಪತ್ರ ಬರೆಯುವುದಿರಲಿ, ಫೋನ್ ಎತ್ತುವುದೇ ಬೆಟ್ಟ. ಅದು ಸೋಮಾರಿತನ ಅಲ್ಲ, ಕಾಯಿಲೆಯ ಲಕ್ಷಣವೇ ಅದು. ಆದ್ದರಿಂದ ಈ ಕೆಲಸವನ್ನು ಮನೆಯವರು ಯಾರಾದರೂ ಒಬ್ಬರು ವಹಿಸಿಕೊಳ್ಳಲಿ.

ಸಂಬಳ ಇಲ್ಲದೆ ಮನೆ ಹೇಗೆ ನಡೆಸೋದು? ಇಎಸ್‌ಐನಲ್ಲಿ ಮನಸ್ಸಿನ ಕಾಯಿಲೆಗೂ ದುಡ್ಡು ಬರುತ್ತಾ?

ಬರುತ್ತದೆ. ತಿಂಗಳ ಸಂಬಳ 21,000 ರೂಪಾಯಿಯೊಳಗೆ ಇದ್ದು ಇಎಸ್‌ಐ ಕಟ್ ಆಗುತ್ತಿದ್ದರೆ, ಸಂಬಂಧಪಟ್ಟ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಇರಬೇಕು. ಆಗ ದಿನಗೂಲಿಯ ಶೇಕಡಾ 70ರಂತೆ ವರ್ಷಕ್ಕೆ 91 ದಿನದವರೆಗೆ ಕಾಯಿಲೆ ಭತ್ಯೆ ಸಿಗುತ್ತದೆ. ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಇರುವುದಿಲ್ಲ.

91 ದಿನ ಮುಗಿದ ಮೇಲೆ ಏನು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ದೀರ್ಘ ಕಾಯಿಲೆಗಳ ಪಟ್ಟಿಯೊಂದು ಇಎಸ್‌ಐನಲ್ಲಿದೆ. ಅದರಲ್ಲಿ ಸ್ಕಿಜೋಫ್ರೇನಿಯಾ, ಬೈಪೋಲಾರ್ ಅಂತ ಈಗ ಕರೆಯುವ ಕಾಯಿಲೆ, ಒಳಗಿನಿಂದಲೇ ಹುಟ್ಟುವ ತೀವ್ರ ಖಿನ್ನತೆ ಇವೆಲ್ಲ ಇವೆ. ಎರಡು ವರ್ಷ ವಿಮೆಯಲ್ಲಿದ್ದು ವಂತಿಗೆ ಸರಿಯಾಗಿ ಕಟ್ಟಿದವರಿಗೆ ಇವಕ್ಕೆ ಶೇಕಡಾ 80ರಂತೆ ಎರಡು ವರ್ಷದವರೆಗೂ ಭತ್ಯೆ ಮುಂದುವರಿಯಬಹುದು. ಹಾಗಾಗಿ ಸರ್ಟಿಫಿಕೇಟಿನಲ್ಲಿ ರೋಗದ ಹೆಸರು ಹೇಗೆ ಬರೆದಿದ್ದಾರೆ ಅನ್ನುವುದು ದುಡ್ಡಿನ ವಿಷಯವೂ ಹೌದು. ‘ನಿಶ್ಶಕ್ತಿ’ ಅಂತ ಬರೆಸಿಕೊಂಡು ಬಂದರೆ ಈ ಬಾಗಿಲು ತೆರೆಯುವುದಿಲ್ಲ. ದಾವಣಗೆರೆಯ ಇಎಸ್‌ಐ ಆಸ್ಪತ್ರೆಯ ವೈದ್ಯರಿಗೆ ವಿಷಯ ಬಿಚ್ಚಿ ಹೇಳಿ, ಮನೋವೈದ್ಯರ ಬಳಿ ಕಳಿಸಿಕೊಡಿ ಅಂತ ಕೇಳಿ.

ಇಎಸ್‌ಐ ರಜೆಯಲ್ಲಿ ಇರುವಾಗ ತೆಗೆಯೋ ಹಾಗೇ ಇಲ್ಲ ಅಂತ ಯೂನಿಯನ್‌ನವರು ಹೇಳಿದರು.

1948ರ ಇಎಸ್‌ಐ ಕಾಯ್ದೆಯ 73ನೇ ಕಲಂ ಹಾಗೇ ಹೇಳುತ್ತಿತ್ತು. ಕಾಯಿಲೆ ಭತ್ಯೆ ಪಡೆಯುತ್ತಿರುವಾಗ ವಜಾ ಮಾಡುವಂತಿಲ್ಲ, ಆ ಅವಧಿಯಲ್ಲಿ ಕೊಟ್ಟ ನೋಟಿಸಿಗೆ ಬೆಲೆಯೇ ಇಲ್ಲ ಅಂತ. ಚಿಕಿತ್ಸೆ ಲಂಬಿಸಿದರೆ ಮಾತ್ರ, ಅಂದರೆ ಸಾಮಾನ್ಯ ಕಾಯಿಲೆಗೆ ಸತತ ಆರು ತಿಂಗಳು ಮತ್ತು ಪಟ್ಟಿಯಲ್ಲಿರುವ ದೀರ್ಘ ಕಾಯಿಲೆಗಳಿಗೆ 18 ತಿಂಗಳು ದಾಟಿದ ಮೇಲೆ, ನೋಟಿಸ್ ಕೊಟ್ಟು ತೆಗೆಯಲು ನಿಯಮದಲ್ಲಿ ದಾರಿ ಇತ್ತು.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೇ ಇಎಸ್‌ಐ ಕಾಯ್ದೆ, ಕೈಗಾರಿಕಾ ವಿವಾದ ಕಾಯ್ದೆಗಳ ಜಾಗ ತುಂಬಿವೆ. ಅದಕ್ಕೆ ಮೊದಲು ನಿಮ್ಮನ್ನು ತೆಗೆದಿದ್ದರೆ 73ನೇ ಕಲಮನ್ನೇ ನೇರವಾಗಿ ಹಿಡಿಯಿರಿ. ಆಮೇಲಿನ ಪ್ರಕರಣವಾದರೆ ಬರೀ ಆ ಕಲಮಿನ ಮೇಲೆ ಭಾರ ಹಾಕಿ ಅರ್ಜಿ ಬರೆಯಬೇಡಿ. ಹೊಸ ಸಂಹಿತೆ ಓದಿಕೊಂಡ ವಕೀಲರಿಗೆ ತೋರಿಸಿ. ಆದರೂ ಭತ್ಯೆ ಸಂದಾಯವಾದ ದಾಖಲೆ ಸುಮ್ನೆ ಹೋಗುವುದಿಲ್ಲ. ಆ ದಿನಗಳಲ್ಲಿ ನಿಮಗೆ ಕೆಲಸ ಮಾಡಲಾಗುತ್ತಿರಲಿಲ್ಲ ಅಂತ ಒಂದು ಸರ್ಕಾರಿ ಸಂಸ್ಥೆಯೇ ಒಪ್ಪಿ ದುಡ್ಡು ಕೊಟ್ಟಿದೆ ಅನ್ನುವುದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಕಷ್ಟ.

ಕಾಯಿಲೆ ಹೆಸರು ಹೇಳಿದರೆ ಹುಚ್ಚು ಅಂತಾರೆ. ಹೇಳಲೇಬೇಕಾ?

ಈ ಪ್ರಶ್ನೆ ಕೇಳುವಾಗ ಎಲ್ಲರ ದನಿಯೂ ಇಳಿಯುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಪ್ರಕಾರ ನಿಮ್ಮ ಚಿಕಿತ್ಸೆಯ ವಿಷಯವನ್ನು ವೈದ್ಯರು ಗುಟ್ಟಾಗಿ ಇಡಬೇಕು. ಮ್ಯಾನೇಜರ್ ಆಸ್ಪತ್ರೆಗೆ ಫೋನ್ ಮಾಡಿ ಕೇಳಿದರೆ ಹೇಳುವಂತಿಲ್ಲ. ಹತ್ತು ಹದಿನೈದು ದಿನದ ರಜೆಗೆ ‘ವೈದ್ಯಕೀಯ ಕಾರಣ, ವಿಶ್ರಾಂತಿ ಅಗತ್ಯ’ ಅಂತಿದ್ದರೆ ಬಹಳ ಕಡೆ ಸಾಕಾಗುತ್ತದೆ.

ರಜೆ ಉದ್ದವಾದಾಗ ಮಾತ್ರ ಲೆಕ್ಕ ಬೇರೆ. ಕಾಯಿಲೆಯ ಕಾರಣಕ್ಕೆ ನನಗೆ ರಕ್ಷಣೆ ಬೇಕು ಅಂತ ಕೇಳಬೇಕಾದರೆ, ಕಾಯಿಲೆ ಇದೆ ಅಂತ ಮಾಲೀಕರಿಗೆ ಗೊತ್ತಿತ್ತು ಅನ್ನುವುದನ್ನು ತೋರಿಸಬೇಕಾಗುತ್ತದೆ. ನನ್ನ ಸಲಹೆ ಇಷ್ಟು: ತಿಂಗಳು ದಾಟುತ್ತದೆ ಅನ್ನಿಸಿದರೆ ಎಚ್‌ಆರ್ ಅಥವಾ ಮಾಲೀಕರು ಒಬ್ಬರಿಗೆ ಮಾತ್ರ, ಮುಚ್ಚಿದ ಲಕೋಟೆಯಲ್ಲಿ, ಗೋಪ್ಯ ಅಂತ ಬರೆದು ತಿಳಿಸಿ. ಅಂಗಡಿಯ ವಾಟ್ಸಾಪ್ ಗುಂಪಿಗೆ ಯಾವ ಕಾರಣಕ್ಕೂ ಹಾಕಬೇಡಿ.

## ಒಂದು ಪ್ರಕರಣ, ಪೂರ್ತಿಯಾಗಿ

ನಾನು ಬಟ್ಟೆ ಅಂಗಡಿಯವಳು, ಕಾರ್ಖಾನೆಯವಳಲ್ಲ. ನನಗೂ ಈ ಕಾನೂನೆಲ್ಲ ಇದೆಯಾ ಅಣ್ಣ?

ಇದನ್ನು ಕೇಳಿದ್ದು ದಾವಣಗೆರೆಯ ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ನಾಲ್ಕು ವರ್ಷ ಬಿಲ್ಲಿಂಗ್ ಕೌಂಟರಿನಲ್ಲಿದ್ದ ಹೆಣ್ಣುಮಗಳು. ಹೇಳಲು ಆಕೆಯ ಒಪ್ಪಿಗೆ ಇದೆ, ಗುರುತು ಬಿಟ್ಟಿದ್ದೇನೆ. ಸಂಬಳ 16,500. ಮಾತ್ರೆ ಚೀಟಿಗಳ ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಮಡಿಕೆ ಮಾಡಿದ್ದ ಅಂಗಡಿಯ ಪತ್ರ ತಂದಿದ್ದಳು. ತಾರೀಖು ಮಾರ್ಚ್ 12. ‘ಫೆಬ್ರುವರಿ 3ರಿಂದ ತಿಳಿಸದೆ ಗೈರಾಗಿರುವುದರಿಂದ ಕೆಲಸ ಬಿಟ್ಟಿರುವುದಾಗಿ ಪರಿಗಣಿಸಲಾಗಿದೆ.’

ನಾವು ಕೂತು ತಾರೀಖು ಜೋಡಿಸಿದೆವು. ಇಎಸ್‌ಐ ವೈದ್ಯರು ಖಿನ್ನತೆ ಅಂತ ಮೂರು ಸಲ ಹದಿನಾಲ್ಕು ಹದಿನಾಲ್ಕು ದಿನಕ್ಕೆ ಸರ್ಟಿಫಿಕೇಟ್ ಕೊಟ್ಟಿದ್ದರು: ಫೆಬ್ರುವರಿ 3ರಿಂದ 16, 17ರಿಂದ ಮಾರ್ಚ್ 2, ಮಾರ್ಚ್ 3ರಿಂದ 16. ಮೊದಲನೆಯದನ್ನು ಆಕೆಯ ತಮ್ಮ ಮ್ಯಾನೇಜರ್ ಕೈಗೇ ಕೊಟ್ಟಿದ್ದ, ಸಹಿ ಪಡೆದಿರಲಿಲ್ಲ. ಎರಡನೆಯದರ ಫೋಟೋವನ್ನು ಮ್ಯಾನೇಜರಿಗೆ ವಾಟ್ಸಾಪ್ ಮಾಡಿದ್ದ. ಕೆಳಗೆ ‘ಸರಿ’ ಅನ್ನುವ ಉತ್ತರ ಇತ್ತು. ಮೂರನೆಯದು ಮಂಚದ ಕೆಳಗಿನ ಚೀಲದಲ್ಲೇ ಉಳಿದಿತ್ತು. ಆ ವಾರ ತಮ್ಮ ಊರಲ್ಲಿರಲಿಲ್ಲ.

ಆ ‘ಸರಿ’ ಅನ್ನುವ ಒಂದು ಮಾತೇ ಕೇಸಿನ ಬೆನ್ನೆಲುಬಾಯಿತು. ಫೆಬ್ರುವರಿ 3ರಿಂದಲೇ ತಿಳಿಸಿಲ್ಲ ಅನ್ನುವ ಪತ್ರದ ಮಾತು ಅಲ್ಲೇ ಬಿತ್ತು. ಕೊಡದೆ ಉಳಿದದ್ದು ಮಾರ್ಚ್ 3ರಿಂದ 12ರವರೆಗಿನ ಹತ್ತು ದಿನ ಮಾತ್ರ, ಅದಕ್ಕೂ ಇಎಸ್‌ಐ ಸರ್ಟಿಫಿಕೇಟ್ ಇತ್ತು.

ಇನ್ನು ಕಾನೂನು. ಅಂಗಡಿಗಳಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಅದು ರಾಜ್ಯದ ಕಾನೂನು, ಹೊಸ ಸಂಹಿತೆಗಳು ಅದನ್ನು ರದ್ದು ಮಾಡಿಲ್ಲ. ಅದರ 39ನೇ ಕಲಂ ಪ್ರಕಾರ ಆರು ತಿಂಗಳು ಸತತ ಕೆಲಸ ಮಾಡಿದವರನ್ನು ಸರಿಯಾದ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡದೆ ತೆಗೆಯುವಂತಿಲ್ಲ. ದುರ್ನಡತೆ ಅಂತ ಹೇಳಿ ನೋಟಿಸ್ ಇಲ್ಲದೆ ತೆಗೆಯಬೇಕಾದರೆ ವಿಚಾರಣೆ ನಡೆಸಿ ಸಾಬೀತು ಮಾಡಿರಬೇಕು. ಈ ಅಂಗಡಿ ನೋಟಿಸನ್ನೂ ಕೊಟ್ಟಿರಲಿಲ್ಲ, ವಿಚಾರಣೆಯನ್ನೂ ಮಾಡಿರಲಿಲ್ಲ.

ಮಾರನೇ ದಿನವೇ ಉತ್ತರ ಕಳಿಸಿದೆವು. ಮೂರೂ ಸರ್ಟಿಫಿಕೇಟ್, ವಾಟ್ಸಾಪ್ ಪುಟದ ಪ್ರಿಂಟು, ‘ನಾನು ಕೆಲಸ ಬಿಟ್ಟಿಲ್ಲ, ವೈದ್ಯರು ಒಪ್ಪಿದ ದಿನ ಬರುತ್ತೇನೆ’ ಅನ್ನುವ ಸಾಲು. ಜೊತೆಗೆ ಕಾರ್ಮಿಕ ಅಧಿಕಾರಿಗೆ ಅರ್ಜಿ. ಎರಡನೇ ಸಲ ಕರೆದಾಗ ಮಾಲೀಕರು ಖುದ್ದಾಗಿ ಬಂದರು. ಮ್ಯಾನೇಜರ್ ತಮಗೆ ಸರ್ಟಿಫಿಕೇಟ್ ವಿಷಯವೇ ಹೇಳಿರಲಿಲ್ಲ ಅಂದರು. ಫಿಟ್ನೆಸ್ ಸರ್ಟಿಫಿಕೇಟ್ ತಂದರೆ ಹಳೇ ಸಂಬಳಕ್ಕೇ ತೆಗೆದುಕೊಳ್ಳುವುದಾಗಿ ಬರೆದುಕೊಟ್ಟರು.

ಆ 42 ದಿನಕ್ಕೆ ಅಂಗಡಿಯಿಂದ ಸಂಬಳ ಬರಲಿಲ್ಲ. ಇಎಸ್‌ಐ ಭತ್ಯೆ ಬಂತು. ದಿನಗೂಲಿ ಸುಮಾರು 550, ಅದರ ಶೇಕಡಾ 70 ಅಂದರೆ 385. ಮೊದಲ ಎರಡು ದಿನ ಬಿಟ್ಟು 40 ದಿನಕ್ಕೆ 15,400 ರೂಪಾಯಿ.

## ಸ್ವಲ್ಪ ಮುಂದಿನ ಪ್ರಶ್ನೆಗಳು

ನಮ್ಮ ಯಜಮಾನರು ಸರ್ಕಾರಿ ನೌಕರರು. ಅವರಿಗೂ ಇಷ್ಟೇ ರಕ್ಷಣೆನಾ?

ಇದಕ್ಕಿಂತ ಜಾಸ್ತಿ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಒಂದು ಅಂಗವೈಕಲ್ಯ. ಅದರ 20ನೇ ಕಲಂ ಪ್ರಕಾರ, ಕೆಲಸದಲ್ಲಿದ್ದಾಗ ಅಂಗವೈಕಲ್ಯ ಬಂದ ನೌಕರರನ್ನು ಸರ್ಕಾರಿ ಸಂಸ್ಥೆ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಇರುವ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆಗೆ ಹಾಕಬೇಕು. ಅಂಥ ಹುದ್ದೆ ಇಲ್ಲದಿದ್ದರೆ, ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. ಸರ್ಕಾರದ ನಿಗಮಗಳೂ ಇದರೊಳಗೆ ಬರುತ್ತವೆ. ಕೆಲವು ಸಂಸ್ಥೆಗಳಿಗೆ ಅಧಿಸೂಚನೆ ಹೊರಡಿಸಿ ವಿನಾಯಿತಿ ಕೊಡಲು ಸರ್ಕಾರಕ್ಕೆ ಅವಕಾಶ ಇದೆ, ಅದನ್ನು ನೋಡಿಕೊಳ್ಳಿ.

ಕಾಯಿಲೆ ಜೋರಿದ್ದಾಗ ಮೇಲಿನವರ ಮೇಲೆ ಕೂಗಾಡಿಬಿಟ್ಟೆ. ಅದನ್ನೇ ದುರ್ನಡತೆ ಅಂತ ಮಾಡಿದ್ದಾರೆ.

2021ರ ಡಿಸೆಂಬರಿನಲ್ಲಿ ರವೀಂದರ್ ಕುಮಾರ್ ಧಾರಿವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಂಥದೇ ಪ್ರಶ್ನೆ ಬಂತು. ಅವರು ಸಿಆರ್‌ಪಿಎಫ್ ಅಧಿಕಾರಿ. ಗೀಳು ಕಾಯಿಲೆ, ಖಿನ್ನತೆ ಎರಡೂ ಇದ್ದವು. ಅವರ ನಡವಳಿಕೆಯ ಮೇಲೆ ಶಿಸ್ತು ವಿಚಾರಣೆ ಹೂಡಲಾಗಿತ್ತು. ನಡವಳಿಕೆಗೆ ಕಾಯಿಲೆ ಒಂದೇ ಕಾರಣ ಅಂತ ತೋರಿಸಬೇಕಿಲ್ಲ, ಕಾರಣಗಳಲ್ಲಿ ಅದೂ ಒಂದಾಗಿದ್ದರೆ ಅಂಥ ವಿಚಾರಣೆ ತಾರತಮ್ಯವಾಗುತ್ತದೆ ಅಂದಿತು ಕೋರ್ಟು. ವಿಚಾರಣೆ ರದ್ದಾಯಿತು.

ನಿಮ್ಮ ಪ್ರಕರಣಕ್ಕೆ ಇದು ಒದಗಬೇಕಾದರೆ ಘಟನೆ ನಡೆದ ಹೊತ್ತಿಗೆ ನೀವು ಚಿಕಿತ್ಸೆಯಲ್ಲಿದ್ದ ದಾಖಲೆ ಬೇಕು. ಘಟನೆ ಆದ ಮೇಲೆ ಮೊದಲ ಸಲ ಮನೋವೈದ್ಯರ ಬಳಿ ಹೋಗಿದ್ದರೆ, ಲಕ್ಷಣ ಯಾವಾಗಿನಿಂದ ಇತ್ತು ಅನ್ನುವುದನ್ನು ಅವರಿಂದ ಬರೆಸಿಕೊಳ್ಳಿ.

ಖಾಸಗಿಯವರಿಗೆ ಈ ಅಂಗವಿಕಲರ ಕಾಯ್ದೆ ಇಲ್ವಾ?

20ನೇ ಕಲಂ ಇಲ್ಲ. ಆದರೆ 3ನೇ ಕಲಂ ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಕೂಡದು ಅನ್ನುತ್ತದೆ, 21ನೇ ಕಲಂ ಸಮಾನ ಅವಕಾಶದ ನೀತಿ ಬರೆದಿಡಬೇಕು ಅನ್ನುತ್ತದೆ. ಒಂದು ಮಿತಿ ನೆನಪಿರಲಿ. ಈ ಕಾಯ್ದೆ ಹೇಳುವುದು ದೀರ್ಘಕಾಲದ ತೊಂದರೆಯನ್ನು. ಎರಡು ತಿಂಗಳಲ್ಲಿ ವಾಸಿಯಾದ ಖಿನ್ನತೆಗೆ ಇದನ್ನು ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ವರ್ಷಗಟ್ಟಲೆ ಬೈಪೋಲಾರ್‌ಗೆ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಉಪಯೋಗ.

ಎಲ್ಲಿ ದೂರು ಕೊಡಬೇಕು, ಎಷ್ಟು ದಿನದೊಳಗೆ?

ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಕಾರ್ಮಿಕ ಅಧಿಕಾರಿಯ ಕಚೇರಿ ಇದೆ, ಮೊದಲ ಅರ್ಜಿ ಅಲ್ಲಿಗೆ. ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ವಿವಾದ ಹುಟ್ಟಿ ಎರಡು ವರ್ಷ ದಾಟಿದರೆ ರಾಜಿ ಸಂಧಾನ ನಡೆಸುವಂತಿಲ್ಲ. ಅಷ್ಟು ಕಾಯಬೇಡಿ, ತಿಂಗಳೊಳಗೆ ಕೊಡಿ. ಮೇಲ್ವಿಚಾರಣೆ ಕೆಲಸದಲ್ಲಿದ್ದು ಸಂಬಳ 18,000 ದಾಟಿದ್ದರೆ, ಅಥವಾ ಮ್ಯಾನೇಜರ್ ಹುದ್ದೆಯಾದರೆ ಈ ದಾರಿ ಮುಚ್ಚಿದೆ. ಅಂಥವರು ನೇಮಕಾತಿ ಪತ್ರದ ಷರತ್ತು ಹಿಡಿದು ಸಿವಿಲ್ ಕೋರ್ಟಿಗೆ ಹೋಗಬೇಕು.

ವಕೀಲರಿಗೆ ದುಡ್ಡಿಲ್ಲ ಅನ್ನುವವರು ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳು, ಕೈಗಾರಿಕಾ ಕಾರ್ಮಿಕರು, ಅಂಗವಿಕಲರು, ಪರಿಶಿಷ್ಟ ಜಾತಿ ಪಂಗಡದವರಿಗೆ ಉಚಿತ ವಕೀಲರು ಸಿಗುತ್ತಾರೆ.

ರಾಜೀನಾಮೆ ಬರೆದುಕೊಡಿ, ಇಲ್ಲ ಅಂದರೆ ಪಿಎಫ್ ಬಿಡಲ್ಲ ಅಂತಿದ್ದಾರೆ. ಕೊಟ್ಟುಬಿಡಲಾ?

ಕೊಡಬೇಡಿ. ಪಿಎಫ್ ನಿಮ್ಮ ದುಡ್ಡು, ಅದಕ್ಕೂ ರಾಜೀನಾಮೆಗೂ ಗಂಟು ಹಾಕುವ ಹಕ್ಕು ಮಾಲೀಕರಿಗಿಲ್ಲ. ರಾಜೀನಾಮೆ ಕೊಟ್ಟ ಕೂಡಲೇ ಅವರು ತೆಗೆದರು ಅನ್ನುವ ಮಾತೇ ಬಿದ್ದುಹೋಗುತ್ತದೆ. ಮೇಲೆ ಹೇಳಿದ ಯಾವ ಕಲಮೂ ಸುಲಭಕ್ಕೆ ಕೆಲಸಕ್ಕೆ ಬರುವುದಿಲ್ಲ.

ಈಗಾಗಲೇ ಕೊಟ್ಟಿದ್ದರೆ, ಅದು ಅಂಗೀಕಾರವಾಗುವ ಮೊದಲೇ ವಾಪಸ್ ಪಡೆಯಿರಿ. ‘ಚಿಕಿತ್ಸೆಯಲ್ಲಿದ್ದಾಗ, ಒತ್ತಡದಲ್ಲಿ ಬರೆದುಕೊಟ್ಟದ್ದು, ಹಿಂತೆಗೆದುಕೊಂಡಿದ್ದೇನೆ’ ಅಂತ ಬರೆದು ಇಮೇಲ್ ಮಾಡಿ, ಅದೇ ದಿನ ಸ್ಪೀಡ್ ಪೋಸ್ಟಿಗೂ ಹಾಕಿ. ಇಲ್ಲಿ ಒಂದು ದಿನ, ಕೆಲವೊಮ್ಮೆ ಒಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ಮನೆಯವರಿಗೆ ಒಂದು ಮಾತು: ಅವರ ಪರವಾಗಿ ನೀವು ಸಹಿ ಮಾಡಬೇಡಿ. ಮಗ ಬೇಗ ಹುಷಾರಾಗಲಿ ಅಂತ ತಂದೆಯೇ ಹೋಗಿ ರಾಜೀನಾಮೆಗೆ ಸಹಿ ಹಾಕಿ ಬಂದದ್ದನ್ನು ನೋಡಿದ್ದೇನೆ. ಮೂರು ತಿಂಗಳಿಗೆ ಮಗ ಹುಷಾರಾದ. ಆ ಸಹಿ ತನ್ನದಲ್ಲ ಅಂತ ತೋರಿಸುವುದಕ್ಕೇ ಅವನಿಗೆ ಇನ್ನೊಂದು ವರ್ಷ ಹಿಡಿಯಿತು.